ಹಲಗೂರಿನ ದಾರಿಯಲ್ಲಿ ನಮ್ಮೂರು

ಸುಗ್ಗಿ ಮುಗಿದು ರಾಗಿ ಹಗೇವಿಗೆ ಇಳಿದ ಮೇಲೆ ನಮ್ಮ ಮನೆ ಜಗುಲಿಯಲ್ಲಿ ಒಂದು ರಾತ್ರಿ ನೀಲಗಾರರ ಕಥೆ ಇದ್ದೇ ಇರುತ್ತಿತ್ತು. ಇದು 1965ರ ಆಚೀಚೆಯ ಮಾತು. ಮಳವಳ್ಳಿ ಸೀಮೆಯ ನಮ್ಮೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಪೇಟೆಯಿಂದ ಗ್ಯಾಸ್‌ಲೈಟು ಬಾಡಿಗೆಗೆ ತರಬೇಕು, ರಾತ್ರಿಗೆ ಒಂದೂವರೆ ರೂಪಾಯಿ. ಹಾಡುವವರಿಗೆ ಎರಡು ಕೊಳಗ ರಾಗಿ, ಒಂದು ಪಂಚೆ, ಮೇಲೆ ಮೂರು ರೂಪಾಯಿ ದಕ್ಷಿಣೆ. ಸೀಮೆಎಣ್ಣೆ, ಸಾಂಬ್ರಾಣಿ, ಮುದುಕರ ಹೊಗೆಸೊಪ್ಪು ಮೂರೂ ಸೇರಿದ ವಾಸನೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ತಂಬೂರಿ ಕೇಳಿಸುತ್ತದೆ.

ನೀಲಗಾರರೆಂದರೆ ಮಂಟೇಸ್ವಾಮಿಯ ಒಕ್ಕಲು. ಮಠದಲ್ಲಿ ದೀಕ್ಷೆ ಪಡೆದು, ಹಣೆಗೆ ಕಪ್ಪು ಧೂಳ್ತ ಇಟ್ಟು ಹಾಡುವವರು. ಅಪ್ಪನ ತಂಬೂರಿ ಮಗನಿಗೆ, ಮಗನದು ಮೊಮ್ಮಗನಿಗೆ. ನಮ್ಮೂರಿಗೆ ಬರುತ್ತಿದ್ದವರನ್ನು ನಾವು ಹುಡುಗರು ನೀಲಗಾರಯ್ಯ ಎನ್ನುತ್ತಿದ್ದೆವು. ಬಲಗೈಯಲ್ಲಿ ತಂಬೂರಿ, ಎಡಗೈಯಲ್ಲಿ ಗಗ್ಗರ. ಹಿಂದೆ ಒಬ್ಬ ತಾಳಕ್ಕೆ, ಒಬ್ಬ ದಮ್ಮಡಿಗೆ. ಅವರು ಒಂದು ಸಾಲು ಹಾಡಿದರೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಿದ್ದರು. ಸೊಲ್ಲೆಂದರೆ ಬರೀ ಪಲ್ಲವಿ ಎಂದುಕೊಂಡಿದ್ದೆ. ಅದನ್ನು ಹಿಮ್ಮೇಳದವರು ಹಾಡುವಷ್ಟು ಹೊತ್ತಿನಲ್ಲೇ ನೀಲಗಾರಯ್ಯ ಮುಂದಿನ ಮಾತು ಹೊಂದಿಸಿಕೊಳ್ಳುತ್ತಾರೆ ಎಂದು ಗೊತ್ತಾಗಲು ನನಗೆ ಮೀಸೆ ಮೂಡಬೇಕಾಯಿತು.

ಅವರು ಹೆಚ್ಚಾಗಿ ಹಾಡುತ್ತಿದ್ದದ್ದು ಸಿದ್ದಪ್ಪಾಜಿ ಸಾಲು. ನಿಡುಘಟ್ಟದ ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ನಾನಾ ಕಷ್ಟಗಳಾದ ಮೇಲೆ ಹುಡುಗ ಗುರುವಿನ ವಶವಾಗಿ ಸಿದ್ದಪ್ಪಾಜಿಯಾಗುತ್ತಾನೆ. ಆಮೇಲೆ ಗುರು ಅವನನ್ನು ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ಅವರು ಕಬ್ಬಿಣ ಇಲ್ಲವೆಂದು ಸುಳ್ಳಾಡಿ ವಿಷ ಕುಡಿಸುತ್ತಾರೆ. ಸಿದ್ದಪ್ಪಾಜಿ ಕುಡಿದು ಗೆಲ್ಲುತ್ತಾನೆ. ಪಂಜರ ಇಷ್ಟೇ. ಉಳಿದದ್ದೆಲ್ಲ ಆ ರಾತ್ರಿಯದು.

ಬೊಪ್ಪೇಗೌಡನಪುರದಿಂದ ಹಲಗೂರಿಗೆ ಸಿದ್ದಪ್ಪಾಜಿ ಹೊರಡುವ ಭಾಗ ಬಂತೆಂದರೆ ನಾನು ಕಂಬಳಿ ಸರಿಸಿ ಎದ್ದು ಕೂರುತ್ತಿದ್ದೆ. ದಾರಿಯ ಊರುಗಳ ಹೆಸರು ಒಂದೊಂದಾಗಿ ಬರುತ್ತಾ ಅದರೊಳಗೆ ನಮ್ಮೂರೂ ಬರುತ್ತಿತ್ತು. ನಮ್ಮ ಸೇದೋ ಬಾವಿ ಕಟ್ಟೆ ಮೇಲೆ ಕುಳಿತು ಸಿದ್ದಪ್ಪಾಜಿ ನೀರು ಕುಡಿದನೆಂದು ನೀಲಗಾರಯ್ಯ ಹಾಡಿದ್ದರು. ನಾನು ಎರಡು ವರ್ಷ ಆ ಕಟ್ಟೆ ಮೇಲೆ ಕಾಲಿಟ್ಟು ಹತ್ತಲಿಲ್ಲ, ಬೇರೆ ಹುಡುಗರನ್ನೂ ಹತ್ತಗೊಡಲಿಲ್ಲ. ಆಮೇಲೆ ಹೊಳೆಯಾಚೆ ಕೊಳ್ಳೇಗಾಲದ ಕಡೆ ಇದ್ದ ಸೋದರತ್ತೆ ಊರಿಗೆ ಹೋದಾಗ ಅದೇ ನೀಲಗಾರಯ್ಯನ ಕಥೆ ಅಲ್ಲಿ. ದಾರಿಯಲ್ಲಿ ನಮ್ಮೂರು ಇಲ್ಲ, ಅತ್ತೆ ಊರು ಇದೆ! ಹಲಗೂರಿಗೆ ಹೋಗುವವನು ಕಾವೇರಿ ದಾಟಿ ಆಚೆ ದಡಕ್ಕೆ ಏಕೆ ಹೋದ? ಬೆಳಿಗ್ಗೆ ಎದ್ದವನೇ ಜಗಳಕ್ಕೆ ಹೋದೆ. ಅವರು ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತುತ್ತಾ, "ಕರೆದೋರ ಮನೆ ಮುಂದೆ ಹಾಯ್ದು ಹೋಗದೆ ಇರ್ತಾರಾ ಚಿಕ್ಕಬುದ್ಧಿ?" ಎಂದರು. ನನಗೆ ಅಳು ಬಂದಿತ್ತು. ನಮ್ಮ ಬಾವಿಯ ನೀರನ್ನು ಯಾರೋ ಕಿತ್ತುಕೊಂಡ ಹಾಗೆ.

ನಮ್ಮಕ್ಕನ ಮದುವೆ ಗೊತ್ತಾಗಿದ್ದ ವರ್ಷ ಕೆಂಪಾಚಾರಿಯ ತಾಯಿ ಮಗನನ್ನು ಕೊಡಲಾರೆ ಎನ್ನುವ ಭಾಗ ಒಂದು ಗಂಟೆಗೂ ಮೀರಿ ನಡೆಯಿತು. ಹೆತ್ತದ್ದು, ತೊಟ್ಟಿಲು ಕಟ್ಟಿದ್ದು, ನೆಲುವಿನ ಮೇಲಿನ ಮೊಸರು ಕದ್ದು ತಿಂದದ್ದು, ಎಲ್ಲ ಬಂದವು. ಪಡಸಾಲೆಯಲ್ಲಿ ಕುಳಿತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಮ್ಮವ್ವ ಎದ್ದು ಅಡುಗೆಮನೆಗೆ ಹೋದವಳು ತಿರುಗಿ ಬರಲಿಲ್ಲ. ಮಗ ಎಂದು ಹಾಡುತ್ತಿದ್ದರೂ ನೀಲಗಾರಯ್ಯ ಹಾಡುತ್ತಿದ್ದದ್ದು ಮನೆ ಬಿಟ್ಟು ಹೋಗುವ ಮಗಳನ್ನು.

ಅದಾದ ಮರುವರ್ಷವೇ ಮೇಲುಬೀದಿಯ ಒಂದು ಮನೆಯಲ್ಲಿ ಕಥೆ. ಆ ಮನೆಯ ಬೆಳೆದ ಮಗ ತೀರಿಕೊಂಡು ಆರು ತಿಂಗಳಾಗಿತ್ತು. ಹಿಮ್ಮೇಳದವರು ನಿಡುಘಟ್ಟಕ್ಕೆ ಹೊಂದುವ ಸೊಲ್ಲನ್ನೇ ಹಿಡಿದಿದ್ದರು. ಇದ್ದಕ್ಕಿದ್ದಂತೆ ನೀಲಗಾರಯ್ಯ ಗಗ್ಗರವನ್ನು ಎರಡು ಸಲ ಜೋರಾಗಿ ಗಲಗಲಿಸಿದರು. ದಮ್ಮಡಿಯವನ ಕೈ ತಪ್ಪಿ ಒಂದು ಪೆಟ್ಟು ನಿಂತಿತು. ನೋಡಿದರೆ ಕಥೆ ಆಗಲೇ ಬೊಪ್ಪೇಗೌಡನಪುರಕ್ಕೆ ಬಂದುಬಿಟ್ಟಿದೆ. ಗುರು ಮಗನನ್ನು ಬೇಡಿದ್ದೂ ಇಲ್ಲ, ತಾಯಿ ಅತ್ತದ್ದೂ ಇಲ್ಲ. ಮಾರನೇ ದಿನ ಕೇಳಿದೆ. "ಮಗನ್ನ ಮಣ್ಣಿಗಿಟ್ಟ ತಾಯಿ ಎದುರಿಗೆ ಮಗನ್ನ ಕೊಡು ಅಂತ ಹೆಂಗೆ ಹಾಡಲಿ?" ಎಂದರು. ಆಗ ನನಗೆ ಹದಿನಾಲ್ಕು. ಪಾಠ ಮರೆತಿದ್ದರು ಎಂದೇ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಹಾಗೆಂದು ಮನಸ್ಸಿಗೆ ಬಂದಂತೆ ಹಾಡುವ ಹಾಗಿರಲಿಲ್ಲ. ಕಬ್ಬಿಣ ಬೇಡಬೇಕು, ಪಾಂಚಾಳರು ಸುಳ್ಳಾಡಬೇಕು, ವಿಷದ ಬಟ್ಟಲು ಬರಬೇಕು. ಒಮ್ಮೆ ಅವರ ಮಗ ಹಾಡುವಾಗ ಬಟ್ಟಲನ್ನು ಬಿಟ್ಟು ಮುಂದಕ್ಕೆ ಹೋದ. ಕಂಬಕ್ಕೊರಗಿ ತೂಕಡಿಸುತ್ತಿದ್ದ ಮುದುಕರು ಕಣ್ಣು ಬಿಟ್ಟು, ಹಿಂದಕ್ಕೆ ಹೋಗಪ್ಪಾ ಎಂದರು. ಅವನು ಹೋದ. ನಮ್ಮೂರ ಆಚಾರಿ ಕೇಳಲು ಬಂದ ರಾತ್ರಿಯಂತೂ ಹಲಗೂರಿನವರ ಬೈಗುಳ ಕಡಿಮೆಯಾಗಿ, ಸಿದ್ದಪ್ಪಾಜಿಯೂ ಕಮ್ಮಾರರ ಕೂಸೇ ಎಂಬ ಮಾತು ದೊಡ್ಡದಾಯಿತು. ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ ಎಂದು ಇಡೀ ಕುಲುಮೆ ಹಾಡಿನೊಳಗೆ ಬಂತು. ಆಚಾರಿ ನಾಲ್ಕಾಣೆ ಇಟ್ಟು ಕೈಮುಗಿದ. ಸುಳ್ಳು ಮಾತ್ರ ಆ ರಾತ್ರಿಯೂ ಸುಳ್ಳಾಗಿಯೇ ಉಳಿಯಿತು.

ಒಂದು ಸಂಗತಿ ಬರೆಯದಿದ್ದರೆ ನನ್ನ ನೆನಪು ಅರ್ಧ. ಮಂಟೇಸ್ವಾಮಿ ಹೊಲಸು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದಾಗ ಶರಣರು ಗುರುತು ಹಿಡಿಯದೆ ತಡೆದರು ಎಂದು ನೀಲಗಾರಯ್ಯ ನಮ್ಮ ಜಗುಲಿಯ ಕೆಳಗೆ ಕುಳಿತು ಹಾಡುತ್ತಿದ್ದರು. ಜಗುಲಿ ಮೇಲೆ ನಾವು. ಅವರ ಕಾಫಿಗೆ ಸೂರಿನಡಿ ಸಿಕ್ಕಿಸಿಟ್ಟ ಬೇರೆ ಲೋಟ. ಆ ಭಾಗ ಹಾಡುವಾಗ ಅವರು ನಮ್ಮ ಕಡೆ ನೋಡುತ್ತಿರಲಿಲ್ಲ, ತಂಬೂರಿಯ ತಂತಿ ನೋಡುತ್ತಿದ್ದರು. ಅದೇಕೆ ಎಂದು ಆಗ ನನಗೆ ಹೊಳೆಯಲಿಲ್ಲ. ಅವರ ಕೇರಿಯಲ್ಲಿ ಅದೇ ಭಾಗ ಎರಡರಷ್ಟು ಹೊತ್ತು ನಡೆಯುತ್ತಿತ್ತಂತೆ. ಅದನ್ನು ಹೇಳಿದವನು ನನ್ನ ಜೊತೆ ಓದಿದ ಅವರ ಮೊಮ್ಮಗ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹದಿನೆಂಟು ರೂಪಾಯಿ. ಒಂದು ಮಗ್ಗುಲಿಗೆ ಅರ್ಧ ಗಂಟೆ, ಅಷ್ಟರಲ್ಲಿ ತಾಯಿ ಅತ್ತು ಮುಗಿಸಬೇಕು. ಕೆಲವು ವರ್ಷ ಕೇಳುಗರು ಎದುರಿಗೆ ಹಾಡುವವರನ್ನೇ ತಿದ್ದತೊಡಗಿದರು, ಕ್ಯಾಸೆಟ್ಟಲ್ಲಿ ಹಿಂಗಿಲ್ಲ ಎಂದು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಮಂಟೇಸ್ವಾಮಿ ಕಾವ್ಯ ದಪ್ಪ ಪುಸ್ತಕವಾಗಿ ಬಂದಾಗ ಕೊಂಡು ತಂದೆ. ಒಳ್ಳೆಯ ಕೆಲಸ ಅದು, ಈಗಲೂ ತೆರೆದು ಓದುತ್ತೇನೆ. ಅದರಲ್ಲಿರುವುದು ಒಂದು ಹಾಡಿಕೆ. ಓದುವಾಗ ಇದನ್ನು ಯಾರ ಮನೆಯಲ್ಲಿ ಹಾಡಿದರೋ, ಎದುರಿಗೆ ಯಾರು ಕುಳಿತಿದ್ದರೋ ಎಂದು ಹುಡುಕುವುದು ನನಗೆ ಅಭ್ಯಾಸವಾಗಿದೆ.

ಹೋದ ವರ್ಷ ಮೈಸೂರಿನಲ್ಲಿ ನನ್ನ ಮಗನ ಮನೆಯ ಗೃಹಪ್ರವೇಶಕ್ಕೆ ನೀಲಗಾರಯ್ಯನ ಮರಿಮಗನನ್ನು ಕರೆಸಿದೆ. ಎರಡು ಗಂಟೆ ಕಥೆಗೆ ಹನ್ನೆರಡು ಸಾವಿರ ರೂಪಾಯಿ. ಹಿಮ್ಮೇಳದವರೂ ಅವನೂ ಸೋಫಾದ ಮೇಲೆ ಕುಳಿತು ನಮ್ಮ ಜೊತೆಗೇ ಕಾಫಿ ಕುಡಿದರು. ತಂಬೂರಿ ಶ್ರುತಿ ಮಾಡಿಕೊಂಡು, ಧೂಳ್ತ ಇಟ್ಟುಕೊಂಡವನು, ಮೈಕು ಆನ್ ಮಾಡುವ ಮೊದಲು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

"ಸಾರ್, ಈ ಬಡಾವಣೆಗೆ ಏನು ಹೆಸರು?"