ಕಾಯಿಗಳಿಗೆ ಹೆಸರಿಟ್ಟ ಮೇಲೆ

ಮ್ಯೂನಿಕ್ಕಿನಲ್ಲಿ ಬೆಳೆಯುತ್ತಿರುವ ನಮ್ಮ ಆರು ವರ್ಷದ ಮೊಮ್ಮಗಳಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ನೀರು ತಾ ಎಂದರೆ ತರುತ್ತಾಳೆ, ತಮಾಷೆ ಮಾಡಿದರೆ ನಗುತ್ತಾಳೆ. ಉತ್ತರ ಮಾತ್ರ ಜರ್ಮನಿನಲ್ಲಿ ಬರುತ್ತಿತ್ತು. ಹೊರನಾಡಿನ ಅನೇಕ ಮನೆಗಳಲ್ಲಿ ಕನ್ನಡ ನಿಂತುಹೋಗುವುದು ಈ ಹಂತದಲ್ಲಿಯೇ, ಕಿವಿಯಲ್ಲಿ ಉಳಿದು ನಾಲಗೆಗೆ ಇಳಿಯದೆ. ಪುಣೆಯಲ್ಲಿರುವ ನಮ್ಮಿಬ್ಬರಿಗೂ ಜರ್ಮನ್ ಬಾರದು. ಮೈಸೂರಿನಲ್ಲಿರುವ ಅವಳ ಮುತ್ತಜ್ಜಿಗೆ 89 ವರ್ಷ, ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆಯಿಲ್ಲ. ಮಗು ದೊಡ್ಡದಾದ ಮೇಲೆ ತಾನೇ ಕಲಿತೀತು ಎಂದು ಕಾಯಲು ನಮಗೆ ಪುರುಸೊತ್ತಿರಲಿಲ್ಲ.

ಹಾಡುಗಳು ಅವಳಿಗೆ ಮೊದಲೇ ಬರುತ್ತಿದ್ದವು. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಮೂರು ವರ್ಷಕ್ಕೇ ಕಲಿತಿದ್ದಳು. ಜರ್ಮನಿನಲ್ಲಿಲ್ಲದ ಳಕಾರ ಹಾಡಿನೊಳಗೆ ಸಲೀಸಾಗಿ ಹೊರಳುತ್ತದೆ. ಮಾತಿಗೆ ಬಂದರೆ ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ. ಹಾಡು ಉಚ್ಚಾರವನ್ನು ಕಾಯುತ್ತದೆ, ವಾಕ್ಯವನ್ನು ಕಟ್ಟಿಕೊಡುವುದಿಲ್ಲ. ಪರೀಕ್ಷಿಸುವುದು ಸುಲಭ. ಹಾಡನ್ನು ನಡುವೆ ನಿಲ್ಲಿಸಿ, ಅದರಲ್ಲಿ ಬರುವ ಪ್ರಾಣಿಯ ಜಾಗಕ್ಕೆ ಅಣ್ಣನನ್ನೋ ಅಮ್ಮನನ್ನೋ ತರಲು ಹೇಳಬೇಕು. ಅದಕ್ಕೆ ತಕ್ಕಂತೆ ಕ್ರಿಯಾಪದವೂ ಬದಲಾದರೆ ಮಗುವಿಗೆ ಭಾಷೆ ದಕ್ಕಿದೆ. ನಮ್ಮವಳು ಮತ್ತೆ ಮೊದಲಿನಿಂದ ಹಾಡತೊಡಗಿದಳು.

ಮಾತು ಹೊರಟದ್ದು ಚೌಕಾಬಾರದಿಂದ. ಭಾನುವಾರ ಅಲ್ಲಿ ಮಧ್ಯಾಹ್ನ 2 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 5.30, ಚಳಿಗಾಲದಲ್ಲಿ 6.30. ಇಪ್ಪತ್ತೈದು ಮನೆಗಳನ್ನು ನಮ್ಮ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಫೋನನ್ನು ಮೇಲಿನಿಂದ ತೋರುವಂತೆ ನಿಲ್ಲಿಸುತ್ತೇವೆ. ನಾಲ್ಕು ಕವಡೆ ಅವಳ ಬಳಿಯೂ ಇವೆ. ಎಷ್ಟು ಬಾಯಿ ಮೇಲಾದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಕವಡೆ ಹಾಕುವುದು ಅಲ್ಲಿ, ಕಾಯಿ ನಡೆಸುವುದು ಇಲ್ಲಿ. ಅವಳು ಪರದೆಯ ಮೇಲೆ ಬೆರಳಿಟ್ಟರೆ ನಮಗೆ ಕಾಣುವುದಿಲ್ಲ, ಆದ್ದರಿಂದ ಬಾಯಿ ಬಿಡಲೇಬೇಕು. ಆಟದ ಹೊತ್ತಿನಲ್ಲಿ ನಡುವೆ ಬಂದು ಅನುವಾದಿಸಬಾರದೆಂದು ಮಗಳಿಗೆ ಹೇಳಿದ್ದೆವು.

ಕೆಲವು ವಾರ ಬರೀ ಅಂಕಿಗಳು ಬಂದವು. ಆಮೇಲೆ ‘ಅದು ಹೋಗುತ್ತೆ’, ‘ಅದು ಸತ್ತೋಯ್ತು’. ಕಾಯಿಗಳೆಲ್ಲ ಹುಣಸೆಬೀಜಗಳಾಗಿದ್ದುದರಿಂದ ಎಲ್ಲವೂ ‘ಅದು’ವೇ. ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಗಂಡು, ಹೆಣ್ಣು, ಹಿರಿಯರು, ವಸ್ತು ಎಂಬ ಭೇದವನ್ನು ಹೊತ್ತಿರುತ್ತದೆ. ಜರ್ಮನ್ ಕ್ರಿಯಾಪದಕ್ಕೆ ಗಂಡುಹೆಣ್ಣಿನ ಆ ಭಾರವಿಲ್ಲ. ಆದುದರಿಂದ ಅವಳ ನಾಲ್ಕು ಕಾಯಿಗಳನ್ನು ಬದಲಿಸಿದೆವು: ಅಂಗಿಯ ಗುಂಡಿ ಅಣ್ಣ, ಬಳೆಚೂರು ಅಕ್ಕ, ಅಡಿಕೆ ಅಜ್ಜಿ, ಹುಣಸೆಬೀಜ ಆನೆ. ಹೆಸರು ಹಿಡಿದು ಪೂರ್ತಿ ಮಾತು ಹೇಳಿದರೆ ಮಾತ್ರ ಕಾಯಿ ಮುಂದೆ. ಅಣ್ಣ ಬಂದ, ಅಕ್ಕ ಬಂದಳು, ಆನೆ ಬಂತು ಎಂಬುವು ಬೇಗ ಹಿಡಿದವು. ಬಹಳ ದಿನ ತೊಡಕಾದದ್ದು ಅಜ್ಜಿ; ‘ಅಜ್ಜಿ ಬಂತು’ ಎನ್ನುತ್ತಿದ್ದಳು. (ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪ್ರೀತಿಯಿಂದ ಹಾಗೆನ್ನುವವರು ಇದ್ದಾರೆ, ಆ ಮಾತು ಬೇರೆ.) ತಪ್ಪೆಂದು ಹೇಳಿದರೆ ಮಗು ಮತ್ತೆ ಜರ್ಮನಿಗೆ ಸರಿಯುತ್ತದೆ, ‘ಹೌದು, ಅಜ್ಜಿ ಬಂದರು’ ಎಂದು ಕಾಯಿ ನಡೆಸಿಬಿಡುತ್ತಿದ್ದೆವು. ಐದನೆಯ ತಿಂಗಳಲ್ಲಿ ಒಮ್ಮೆ, ಕಟ್ಟೆಯ ಮೇಲೆ ಕ್ಷೇಮವಾಗಿದ್ದ ಅಡಿಕೆಯತ್ತ ನಮ್ಮ ಕೈ ಹೋದದ್ದನ್ನು ಕಂಡು, ‘ಬೇಡ ತಾತ, ಅಜ್ಜಿ ಅಲ್ಲಿ ಹೋದರೆ ಹೊಡೀತೀಯ!’ ಎಂದು ಕೂಗಿದಳು. ‘ಹೋದರೆ’ ಎಂಬ ರೂಪವನ್ನು ಯಾರೂ ಕಲಿಸಿರಲಿಲ್ಲ. ಕಾಯಿ ಹೋಗುವ ಭಯ ಅದನ್ನು ಹೊರಡಿಸಿತು.

ಅದೇ ವಾರ ಮುತ್ತಜ್ಜಿ ಫೋನಿನಲ್ಲಿ ಏನು ಸಮಾಚಾರವೆಂದು ಕೇಳಿದಾಗ, ‘ಅಜ್ಜಿ ಸತ್ತರು’ ಎಂದು ತಪ್ಪಿಲ್ಲದ ಬಹುವಚನದಲ್ಲಿ ವರದಿ ಮಾಡಿದಳು. ‘ಯಾವ ಅಜ್ಜಿನೇ? ನಾನಿನ್ನೂ ಇಲ್ಲೇ ಇದೀನಲ್ಲ!’ ಎಂದರು ಮುತ್ತಜ್ಜಿ.

ಪುಸ್ತಕ ಬಂದದ್ದು ಆಮೇಲೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ. ಅಲ್ಲೂ ಒಂದು ಅಡ್ಡಿಯುಂಟು: ಮನೆಯಲ್ಲಿ ‘ಹೋಗ್ತಾನೆ’ ಎಂದಷ್ಟೇ ಕೇಳಿದ ಮಗುವಿಗೆ ಅಚ್ಚಿನ ‘ಹೋಗುತ್ತಾನೆ’ ಪರಕೀಯ. ಮೊದಲೆರಡು ಸಲ ಚಿತ್ರ ತೋರಿಸುತ್ತ ಆಡುಮಾತಿನಲ್ಲೇ ಕಥೆ ಹೇಳಿ, ಮೂರನೆಯ ಸಲ ಬರೆದದ್ದನ್ನು ಬರೆದಂತೆ ಓದುತ್ತೇವೆ. ಅಷ್ಟು ಹೊತ್ತಿಗೆ ಕಥೆ ಗೊತ್ತಿರುವುದರಿಂದ ಅವಳು ರೂಪದ ಮುಂದೆ ಎಡವುವುದಿಲ್ಲ.

ಇಷ್ಟಾದರೂ ಆಟದ ಕನ್ನಡ ಮನೆಗಳ ಗೆರೆ ದಾಟಿ ಹೋಗುವುದು ಅಪರೂಪ. ಶಾಲೆಯ ಜಗಳ, ಗೆಳತಿಯ ಮುನಿಸು ಈಗಲೂ ಜರ್ಮನಿನಲ್ಲೇ ಬರುತ್ತವೆ. ಕಟ್ಟೆ ಹತ್ತಿದ ಕಾಯಿ ತನ್ನ ಶಾಲೆಯ ಒಂದು ಸುದ್ದಿ ಹೇಳಬೇಕೆಂದು ಈಚೆಗೆ ನಿಯಮ ಸೇರಿಸಿದ್ದೇವೆ. ಅಂಗಿಯ ಗುಂಡಿ ಕಳೆದ ವಾರ ಹೇಳಿದ ಮೊದಲ ಸುದ್ದಿಯಲ್ಲಿ ಅರ್ಧ ನಮಗೆ ಅರ್ಥವಾಯಿತು.