‘ಇವರು’ ‘ನಾನು’ ಆಗುವ ಬಗೆ

ಸಭೆಯಲ್ಲಿ ಅತಿಥಿಯನ್ನು ಪರಿಚಯಿಸುವಾಗ, ಪುಸ್ತಕದ ಬೆನ್ನುಪುಟದಲ್ಲಿ ಲೇಖಕನ ವಿವರ ಕೊಡುವಾಗ ನಾವು ಬಳಸುವ ಕನ್ನಡಕ್ಕೆ ತನ್ನದೇ ಆದ ಒಂದು ಠೀವಿ ಇದೆ. ಅಲ್ಲಿ ಯಾರೂ ಹುಟ್ಟುವುದಿಲ್ಲ, ಜನಿಸುತ್ತಾರೆ. ಕೆಲಸ ಮಾಡುವುದಿಲ್ಲ, ಸೇವೆ ಸಲ್ಲಿಸುತ್ತಾರೆ. ಅದು ಬೇರೊಬ್ಬರು ನಮ್ಮ ಬಗ್ಗೆ ಆಡುವ ಮಾತಾದ್ದರಿಂದ ಅಲ್ಲಿಗೆ ಒಪ್ಪುತ್ತದೆ. ಅದೇ ಮಾತು ನಮ್ಮದೇ ಜಾಲತಾಣದ ಪರಿಚಯದ ಪುಟಕ್ಕೆ ಬಂದಾಗ, ಮನೆಗೆ ಬಂದವರನ್ನು ನಾವೇ ನಿರೂಪಕರಾಗಿ ಎದುರುಗೊಂಡಂತಾಗುತ್ತದೆ.

ಡೊಂಬಿವಲಿಯಲ್ಲಿರುವ ಹಿರಿಯ ಅನುವಾದಕಿಯೊಬ್ಬರು ತಮ್ಮ ತಾಣಕ್ಕೆಂದು ಬರೆದಿಟ್ಟುಕೊಂಡ ಪರಿಚಯವನ್ನು ಕಳೆದ ವರ್ಷ ನನಗೆ ತೋರಿಸಿದರು. ಅದು ಹೀಗಿತ್ತು: “ಇವರು ಕಾರ್ಕಳದ ಸಮೀಪದ ಕೃಷಿಕ ಕುಟುಂಬವೊಂದರಲ್ಲಿ ಜನಿಸಿ, ಪದವಿ ಶಿಕ್ಷಣದ ತರುವಾಯ ಮುಂಬಯಿಯಲ್ಲಿ ನೆಲೆಸಿ, ಬ್ಯಾಂಕೊಂದರಲ್ಲಿ 34 ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗಿರುತ್ತಾರೆ. ಮರಾಠಿಯಿಂದ ಇವರಿಂದ ಅನುವಾದಿಸಲ್ಪಟ್ಟ 7 ಕೃತಿಗಳು ಪ್ರಕಟಗೊಂಡಿದ್ದು, ಹಲವು ಸಂಘಸಂಸ್ಥೆಗಳಿಂದ ಸನ್ಮಾನಿತರಾಗಿದ್ದಾರೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಆ ಹೆಂಗಸೂ ಇಲ್ಲ. “ನಾನು ನಾನು ಎಂದು ಬರೆದುಕೊಳ್ಳುವುದು ಹೇಗೆ ಮಾರಾಯ್ರೇ? ‘ಇವರು’ ಎಂದರೆ ಸ್ವಲ್ಪ ಮರೆಯಾದರೂ ಇರುತ್ತದೆ” ಎಂದರು. ಅವರ ಸಂಕೋಚ ನಿಜವಾದದ್ದು. ‘ಇವರು’ ಇದ್ದ ಕಡೆಗಳಲ್ಲೆಲ್ಲ ‘ನಾನು’ ಎಂದು ತಿದ್ದಿದರೆ ಬಿಗುವು ಹೋಗಿ ಬಡಾಯಿ ಬರುತ್ತದೆ.

ದಾರಿ ಕನ್ನಡದ ವ್ಯಾಕರಣದಲ್ಲೇ ಇತ್ತು. ‘ಬರೆದೆ’ ಎಂದರೆ ಸಾಕು, ಬರೆದವರು ಯಾರೆಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ‘ನಾನು’ ಎಂದು ಮತ್ತೆ ಹೇಳಬೇಕಿಲ್ಲ. ಇನ್ನೊಂದು ಉಪಾಯ, ವಾಕ್ಯದ ಕರ್ತೃಸ್ಥಾನವನ್ನು ಬೇರೆಯವರಿಗೆ ಬಿಟ್ಟುಕೊಡುವುದು. ‘ನಾನು ಮರಾಠಿ ಕಲಿತೆ’ ಎಂಬುದರಲ್ಲಿ ಸಾಧನೆಯಿದೆ; ‘ನನಗೆ ಮರಾಠಿ ಕಲಿಸಿದವರು’ ಎಂದು ಆರಂಭಿಸಿದರೆ ಇನ್ನೊಬ್ಬರು ಒಳಗೆ ಬರುತ್ತಾರೆ. “ನಿಮಗೆ ಕಲಿಸಿದವರು ಯಾರು?” ಎಂದು ಕೇಳಿದೆ. ಮುಂದಿನ ಅರ್ಧ ಗಂಟೆ ಅವರು ಹೇಳಿದ್ದರಲ್ಲಿ ಒಂದು ಮಾತೂ ಆ ಪರಿಚಯದಲ್ಲಿರಲಿಲ್ಲ.

ಕ್ರಮವನ್ನೂ ಬದಲಿಸಿದೆವು. ತಾಣಕ್ಕೆ ಬಂದವರು ಮೊದಲು ತಿಳಿಯಬಯಸುವುದು ಇಲ್ಲಿ ಏನಿದೆ ಎಂಬುದನ್ನು. ಹುಟ್ಟೂರು ಆಮೇಲೆ ಬರಬಹುದು. ಕೊನೆಗೆ ನಿಂತ ರೂಪ ಇದು:

“ಮರಾಠಿ ಕತೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಆ ಭಾಷೆಯನ್ನು ನನಗೆ ಕಲಿಸಿದವರು ಚಾಳಿನಲ್ಲಿ ನಮ್ಮ ಎದುರು ಖೋಲಿಯಲ್ಲಿದ್ದ ಆಜಿ. ನಲ್ಲಿಯ ನೀರಿಗೆ ಕಾಯುವ ಹೊತ್ತಿನಲ್ಲಿ ಪಾಠ ನಡೆಯುತ್ತಿತ್ತು. ಬ್ಯಾಂಕಿನಲ್ಲಿ 34 ವರ್ಷ ದುಡಿದೆ. ಹೆಚ್ಚಿನ ಕತೆಗಳ ಮೊದಲ ಕರಡು ಹುಟ್ಟಿದ್ದು ಲೋಕಲ್ ರೈಲಿನಲ್ಲಿ. ಈವರೆಗೆ 7 ಪುಸ್ತಕಗಳಾಗಿವೆ. ಊರು ಕಾರ್ಕಳದ ಹತ್ತಿರ. ಕನ್ನಡ ಅಲ್ಲಿಂದ ಬಂದದ್ದು. ಅರ್ಥವಾಗದೆ ಕಾಡುವ ಮರಾಠಿ ಮಾತು ನಿಮ್ಮಲ್ಲಿದ್ದರೆ ಬರೆಯಿರಿ, ಸೇರಿ ನೋಡೋಣ.”

‘ನಾನು’ ಒಮ್ಮೆಯೂ ಬಂದಿಲ್ಲವೆಂಬುದನ್ನು ಅವರೇ ಎಣಿಸಿ ನೋಡಿ ಸಮಾಧಾನಪಟ್ಟರು. ‘ಅನುವಾದಿಸಲ್ಪಟ್ಟ’ ಎಂಬ ಕರ್ಮಣಿಪ್ರಯೋಗ ತಾನಾಗಿಯೇ ಉದುರಿತು. ಮಾತಿನಲ್ಲಿ ಅದನ್ನು ಯಾರೂ ಆಡುವುದಿಲ್ಲ.

ಮಗನಿಗೆ ಇದಿನ್ನೂ ಬಿಗಿಯೆನಿಸಿತು. ‘ಬರೀತಾ ಇರ್ತೀನಿ’, ‘ಓದ್ಬಿಟ್ಟು ಹೇಳಿ’ ಎಂಬ ಧಾಟಿಯಲ್ಲಿ ಇನ್ನೊಂದು ಕರಡು ಮಾಡಿದ. ಆಪ್ತತೆ ಅಲ್ಲಿ ಕೆಟ್ಟಿತು. ಆಡುಗನ್ನಡ ಒಂದೇ ಅಲ್ಲ. ಅವನು ಬರೆದದ್ದು ಬೆಂಗಳೂರಿನ ಕಡೆಯ ಮಾತು, ಕಾರ್ಕಳದ ತಾಯಿಯ ಬಾಯಲ್ಲಿ ಅದು ಎಂದೂ ಬಾರದು. ಬರಹದ ಕನ್ನಡದ ಪ್ರತ್ಯಯಗಳನ್ನು ಹಾಗೆಯೇ ಇಟ್ಟುಕೊಂಡು ವಾಕ್ಯವನ್ನು ಚಿಕ್ಕದಾಗಿಸಿದರೆ ಸಾಕು. ಪರೀಕ್ಷೆ ಸುಲಭ: ಗಟ್ಟಿಯಾಗಿ ಓದಿಸಬೇಕು. ಹಳೆಯ ಪರಿಚಯದ ಮೊದಲ ವಾಕ್ಯದಲ್ಲಿ ಅವರು ಮೂರು ಕಡೆ ಉಸಿರಿಗೆ ನಿಂತಿದ್ದರು. ಹೊಸದನ್ನು ಎಲ್ಲೂ ತಡವರಿಸದೆ ಓದಿದರು.

ಹಳೆಯದನ್ನು ಎಸೆಯಲಿಲ್ಲ. ಆಮಂತ್ರಣ ಅಚ್ಚು ಹಾಕಿಸುವವರಿಗೆ, ಸಭೆ ನಿರೂಪಿಸುವವರಿಗೆ ‘ಇವರು’ ಬೇಕೇ ಬೇಕು. ಅವರು ಆಜಿಯ ಕತೆಯನ್ನು ತಾವೇ ‘ಇವರು’ ಮಾಡಹೊರಟರೆ ಎಡವಟ್ಟಾಗುತ್ತದೆ. ಹಾಗಾಗಿ ಪುಟದ ಕೆಳಗೆ ‘ಸಂಘಟಕರಿಗಾಗಿ’ ಎಂಬ ತಲೆಬರಹದಡಿ ಅದನ್ನು ಉಳಿಸಿದೆವು. ‘ಹಲವು ಸಂಘಸಂಸ್ಥೆಗಳು’ ಎಂಬಲ್ಲಿ ಮಾತ್ರ ಎರಡು ಸನ್ಮಾನಗಳ ಹೆಸರು, ವರ್ಷ ಬಂದವು.

ಆಜಿಯ ಹೆಸರನ್ನು ಬರೆಯಲೇ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಆಜಿ ಈಗಿಲ್ಲ, ಅವರ ಮನೆಯವರು ಎಲ್ಲಿದ್ದಾರೋ ತಿಳಿಯದು. ಕೇಳದೆ ಹೆಸರು ಹಾಕುವುದು ಬೇಡವೆಂದು ‘ಆಜಿ’ ಎಂದಷ್ಟೇ ಇಟ್ಟರು. ಆ ಚಾಳಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ ಅಂತೆ.