ನಮ್ಮೂರ ಪೇಟಿ ಮಾಸ್ತರರು

ನಮ್ಮ ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಹಾಗಾಗಿ ನಮ್ಮೂರ ಸಂಗೀತ ಗುರುಗಳು ಎಲ್ಲರಿಗೂ ಪೇಟಿ ಮಾಸ್ತರರು. ಬೆರಳುಗಳು ಬಾಗದಂತಾದ ಮೇಲೆ, ಹೋದ ದೀಪಾವಳಿಗೆ ಅವರು ಪಾಠ ನಿಲ್ಲಿಸಿದರು.

ನನಗಾಗ ಏಳು ವರ್ಷ. ಮೊದಲ ದಿನವೇ, “ಬಿಳಿ ಪಟ್ಟಿ ಮುಟ್ಟಬ್ಯಾಡ ತಂಗಿ, ಬರೀ ಕರಿ ಪಟ್ಟಿ ಒತ್ತು” ಎಂದರು. ಪೇಟಿಯಲ್ಲಿ ಕರಿ ಪಟ್ಟಿಗಳು ಎರಡು, ಆಮೇಲೆ ಮೂರು, ಹೀಗೆ ಗುಂಪುಗುಂಪಾಗಿ ಇರುತ್ತವೆ. ಮೂರರ ಗುಂಪಿನ ಮೊದಲ ಪಟ್ಟಿಯನ್ನು ‘ಸ’ ಎಂದುಕೊಂಡರೆ ಅಲ್ಲಿ ಸ, ರಿ, ಗ ಸಿಗುತ್ತವೆ. ಬಲಕ್ಕಿರುವ ಎರಡರ ಗುಂಪಿನಲ್ಲಿ ಪ, ದ. ಅವೇ ಭೂಪ ರಾಗದ ಐದು ಸ್ವರಗಳು. ತಪ್ಪುವ ಭಯವಿಲ್ಲದೆ ಅಂದೇ ನಾನು ರಾಗದೊಳಗೆ ಆಡಿಕೊಂಡಿದ್ದೆ. ಮಕ್ಕಳೇ, ಪೇಟಿ ಸಿಕ್ಕರೆ ನೀವೂ ನುಡಿಸಿ ನೋಡಿ.

ಆಗ ನಮ್ಮೂರ ಭಜನೆಯಲ್ಲಿ ಗಂಡಸರು ಕರಿ ಒಂದರಲ್ಲಿ ಶ್ರುತಿ ಹಿಡಿಯುತ್ತಿದ್ದರು. ಆ ಶ್ರುತಿಗೆ ನಮ್ಮವ್ವನ ದನಿ ಕೆಳಗೆ ಇಳಿದು ಗೊಣಗಿದಂತೆ ಕೇಳುತ್ತಿತ್ತು; ಮೇಲೆ ಹೋದರೆ ಕಿರುಚಿದಂತೆ. ಹೆಂಗಸರಿಗೆ ಹಾಡು ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಮಾಸ್ತರರು ಒಂದು ಸಂಜೆ ಅವರನ್ನು ಕೂಡಿಸಿ, ಒಂದೊಂದೇ ಪಟ್ಟಿ ಏರಿಸುತ್ತ ಹಾಡಿಸಿದರು. ಕರಿ ನಾಲ್ಕಕ್ಕೆ ಬಂದಾಗ ಅವ್ವನ ದನಿ ಬಿಚ್ಚಿಕೊಂಡಿತು. ತಪ್ಪು ಇದ್ದದ್ದು ದನಿಯಲ್ಲಲ್ಲ, ಶ್ರುತಿಯಲ್ಲಿ. ಅಂದಿನಿಂದ ನಮ್ಮೂರಲ್ಲಿ ಹೆಂಗಸರದೇ ಭಜನಾ ಮೇಳ ನಡೆಯುತ್ತಿದೆ.

ಹಾಗೆಂದು ಪೇಟಿಯಿಂದ ನಷ್ಟವಾಗಲೇ ಇಲ್ಲ ಎನ್ನಲಾರೆ. ಒಂದು ಪಟ್ಟಿಗೆ ಒಂದೇ ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬರುವುದಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ನಮ್ಮಜ್ಜಿ ಬೀಸುವಾಗ ಎಳೆದೆಳೆದು ಹಾಡುತ್ತಿದ್ದ ಪದಗಳನ್ನು ನಾವು ಪೇಟಿಗೆ ಕೂಡಿಸಿ, ಮೆಟ್ಟಿಲು ಹತ್ತಿದಂತೆ ಹಾಡತೊಡಗಿದೆವು. ಮುಂದೆ ಪಟ್ಟಣದಲ್ಲಿ ಹಾಡು ಕಲಿಯಲು ಹೋದಾಗ, “ನಿನ್ನ ದನಿ ಕುಪ್ಪಳಿಸ್ತದ” ಎಂದರು. ಅತ್ತುಕೊಂಡೇ ಊರಿಗೆ ಬಂದೆ.

ಮಾಸ್ತರರು ಸಿಟ್ಟಾಗಲಿಲ್ಲ. “ಅವರು ಹೇಳಿದ್ದು ಖರೇ ಅದ. ನಾನೇ ಪೇಟಿ ಜಾಸ್ತಿ ನುಡಿಸಿದೆ” ಎಂದು ‘ಸ’ ಒಂದನ್ನೇ ಒತ್ತಿ ಹಿಡಿದರು. “ಉಳಿದದ್ದು ನಿನ್ನ ಗಂಟಲದಾಗ ಹುಡುಕು.” ಆಮೇಲೆ ಬಂದ ಮಕ್ಕಳಿಗೆಲ್ಲ ಪ್ರತಿ ಪಾಠದ ಕೊನೆಗೆ ಹಾಗೆಯೇ ಹಾಡಿಸಿದರು.

ಹೋದ ಸೋಮವಾರ ಭಜನೆಗೆ ಬಂದು ಗೋಡೆಗೆ ಒರಗಿ ಕುಳಿತಿದ್ದರು. ಪೇಟಿ ಮುಂದೆ ಅವರ ಶಿಷ್ಯೆ, ಒಂಬತ್ತನೆಯ ತರಗತಿಯ ಹುಡುಗಿ. ಅವ್ವ ಹಾಡಲು ಎದ್ದಾಗ ಹುಡುಗಿ, “ಯಾವ ಪಟ್ಟಿ ಅಜ್ಜಿ?” ಎಂದು ಕೇಳಿದಳು. “ಕರಿ ಮೂರು ಹಿಡಿಯವ್ವ, ಈಗ ವಯಸ್ಸಾತು” ಎಂದಳು ಅವ್ವ. ಮಾಸ್ತರರು ನಕ್ಕರು.